ಹೌ ಆರ್ ಯು ಮತ್ತು ನಮ್ಮ ಊಟ ಆಯ್ತಾ

ಪ್ರಶ್ನೆ: ಫಾರಿನ್ನವ್ರು ‘ಹೌ ಆರ್ ಯು’ ಅಂತ ಕೇಳಿ ಉತ್ತರಕ್ಕೂ ಕಾಯಲ್ಲ, ಮತ್ತೆ ಯಾಕ್ ಕೇಳ್ತಾರೆ?

ನಾನೂ ಇದ್ರಲ್ಲಿ ಬಿದ್ದಿದೀನಿ. ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಅಮೆರಿಕದ ಒಬ್ರು ಕಾಲ್‌ನಲ್ಲಿ ಹೌ ಆರ್ ಯು ಅಂದ್ರು, ನಾನು ಮೂರ್ ದಿನದಿಂದ ಜ್ವರ, ಮಾತ್ರೆ ನುಂಗಿದ್ರೂ ಬಿಡ್ತಿಲ್ಲ ಅಂತ ಶುರು ಹಚ್ಕೊಂಡೆ. ಆ ಕಡೆ ಸದ್ದೇ ಇಲ್ಲ, ಆಮೇಲೆ ಅಯ್ಯೋ ಪಾಪ ಅಂದು ಸೀದಾ ಕೆಲ್ಸದ ವಿಷ್ಯಕ್ಕೆ ಬಂದ್ರು.

ಆದ್ರೆ ನಮ್ ತುಮಕೂರ್ ಕಡೆ ನೋಡಿ, ಹನ್ನೊಂದ್ ಗಂಟೆಗೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕವ್ರೂ ‘ಏನಣ್ಣ ಊಟ ಆಯ್ತಾ’ ಅಂತಾರೆ. ಹನ್ನೊಂದ್ ಗಂಟೆಗೆ ಯಾವ್ ಊಟ! ಆದ್ರೂ ‘ಆಯ್ತು, ನಿಮ್ದು?’ ಅಂತೀವಿ. ಯಾಕಂದ್ರೆ ‘ಇಲ್ಲ’ ಅಂದ್ರೆ ಕೇಳಿದವ್ರಿಗೆ ಕೆಲ್ಸ ಬೀಳುತ್ತೆ, ‘ಅಯ್ಯೋ ಬನ್ನಿ ಮನೇಗೆ, ಮುದ್ದೆ ಸಾರಿದೆ’ ಅನ್ಬೇಕು, ಅನ್ನದಿದ್ರೆ ಅವ್ರೇ ಸಣ್ಣವ್ರಾಗ್ತಾರೆ. ಹೌ ಆರ್ ಯು ಒಳಗೂ ಇರೋದು ಇದೇ ಗಂಟು. ಮಾತಿನ ವರಸೆ ಸ್ಟಡಿ ಮಾಡಿದ ಹಾರ್ವೆ ಸ್ಯಾಕ್ಸ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನೇ ತೋರಿಸಿದ್ದು: ‘ಚೆನ್ನಾಗಿಲ್ಲ’ ಅಂದ್ರೆ ಎದುರಿಗಿರೋರು ‘ಯಾಕೆ, ಏನಾಯ್ತು’ ಅಂತ ಕೇಳ್ಲೇಬೇಕು, ಆ ಕತೆನೆಲ್ಲಾ ಎಲ್ರ ಹತ್ರಾನೂ ಹೇಳಕ್ಕಾಗಲ್ಲ, ಅದಕ್ಕೆ ಜನ ಸುಳ್ಳಾದ್ರೂ ‘ಫೈನ್’ ಅಂದು ಮುಗಿಸ್ತಾರೆ. ಆ ಒಂದ್ ಪದ ಬಾಗ್ಲು ಮುಚ್ಚಿ ಮುಂದಿನ್ ಮಾತಿಗೆ ಜಾಗ ಮಾಡುತ್ತೆ. ಹಿಂಗೆ ಸುದ್ದಿ ತಿಳ್ಕೊಳ್ಳೋಕಲ್ದೆ ಬರೀ ನಂಟು ಬೆಚ್ಚಗಿಡೋಕೆ ಆಡೋ ಮಾತಿಗೆ ಮಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞ 1923ರಲ್ಲೇ ‘ಫ್ಯಾಟಿಕ್ ಕಮ್ಯೂನಿಯನ್’ ಅಂತ ಹೆಸ್ರು ಕೊಟ್ಟಿದ್ದ.

ಬೇರೆ ಕಡೆ ಬೇರೆ ಲೆಕ್ಕ. ಚೀನಾದ ಹಿರೀಕರು ನಮ್ಮಂಗೇ ‘ಊಟ ಆಯ್ತಾ’ ಅಂತಾರೆ. ಜರ್ಮನ್ನರಿಗೆ, ರಷ್ಯನ್ನರಿಗೆ ‘ಹೇಗಿದೀರಾ’ ಅಂದ್ರೆ ಎಷ್ಟೋ ಸಲ ಪ್ರಶ್ನೇನೇ, ಸುಮಾರಾಗಿದೆ ಅಂತ ಇದ್ದದ್ದು ಇದ್ದಂಗೆ ಹೇಳ್ಬಿಡ್ತಾರೆ, ಅಂಥವ್ರಿಗೆ ಅಮೆರಿಕದವ್ರ ನಗುನಗ್ತಾ ‘ಗ್ರೇಟ್’ ನಾಟಕ ಅನ್ಸುತ್ತೆ.

ಯಾವ್ದು ನಿಜವಾಗ್ಲೂ ಪ್ರಶ್ನೆ ಅಂತ ಗೊತ್ತಾಗೋದು ಜಾಗದಿಂದ. ಹಲೋ ಪಕ್ಕದಲ್ಲೇ ಬಂದ್ರೆ ನಮಸ್ಕಾರ, ಮಾತಿನ ಮಧ್ಯೆ ಬಂದ್ರೆ, ಇಲ್ಲಾ ಫೈನ್ ಅಂದ್ಮೇಲೂ ಸುಮ್ನೆ ಮುಖ ನೋಡಿ ಎರಡನೇ ಸಲ ಕೇಳಿದ್ರೆ, ಆಗ ಹೇಳ್ಕೊಳ್ಳಿ. ಡಾಕ್ಟ್ರ ಹತ್ರಾನೂ ಇದೇ ಎಡವಟ್ಟು, ಒಳಗ್ ಹೋಗ್ತಿದ್ದಂಗೆ ‘ಹೇಗಿದೀರಾ’ ಅಂದ್ರೆ ‘ಚೆನ್ನಾಗಿದೀನಿ ಸಾರ್’ ಅಂತೀವಿ, ಕುರ್ಚಿ ಮೇಲೆ ಕೂತ್ಮೇಲೆ ಹೊಟ್ಟೆನೋವು ನೆನಪಾಗುತ್ತೆ.

ಅಂದಂಗೆ ನಮ್ಮಲ್ಲಿ ‘ನಿಮ್ ಕಡೆ ಮಳೆ ಆಯ್ತಾ’ ಅಂತ ಕೇಳಿದ್ರೆ ಮಾತ್ರ ಸುಮ್ನೆ ಹೂಂ ಅನ್ಬೇಡಿ. ರಾಗಿ ಬಿತ್ತಿದವ್ರು ಅದನ್ನ ಉತ್ತರ ಬೇಕು ಅಂತಾನೇ ಕೇಳೋದು.