ವೀಕ್ಲಿ ಆಫ್ ಬದಲಾದ್ರೆ ಮಧ್ಯದ ವಾರದ ಕಥೆ ಏನು?

"ನಮ್ ಎಚ್‌ಆರ್ ನೋಟಿಸ್ ಹಾಕಿದಾರೆ, 11ನೇ ತಾರೀಖು ಗುರುವಾರದಿಂದ ನಂಗೆ ಭಾನುವಾರದ ಬದ್ಲು ಬುಧವಾರ ಆಫ್, ಸ್ವಾಪ್ ಮಾಡ್ಕೋಬಹುದಂತೆ. ಒಪ್ಕೊಳ್ಳೋ ಮುಂಚೆ ಏನ್ ನೋಡ್ಬೇಕು?"

ಮೊದ್ಲು ಆ ಗುರುವಾರ ಅನ್ನೋದನ್ನೇ ನೋಡಿ. 7ನೇ ತಾರೀಖು ಭಾನುವಾರ ನಿಮ್ಗೆ ಆಫ್ ಸಿಗುತ್ತೆ, 10 ಬುಧವಾರ ಹಳೇ ರೂಲು ಸೋ ಆಫ್ ಇಲ್ಲ, 14 ಭಾನುವಾರ ಹೊಸ ರೂಲು ಅವತ್ತೂ ಇಲ್ಲ, ಅಂದ್ರೆ 8ರಿಂದ 16ರ ತನಕ ಒಂದೇ ಸಮ 9 ದಿನ ಡ್ಯೂಟಿ. ಬೇಕಂತ ಮಾಡಿರಲ್ಲ, ತಾರೀಖು ಹಾಕುವಾಗ ಯಾರೂ ಕ್ಯಾಲೆಂಡರ್ ನೋಡಿರಲ್ಲ ಅಷ್ಟೇ. 14ಕ್ಕೆ ಒಂದು ಆಫ್ ಕೊಡಿ, ಇಲ್ಲಾ ಹೊಸ ರೂಲನ್ನ 15 ಸೋಮವಾರದಿಂದ ಶುರು ಮಾಡಿ ಅಂತ ಈಗ್ಲೇ ಮೇಲ್ ಹಾಕಿ.

ಸ್ವಾಪಲ್ಲೂ ಇದೇ ತರ. ಶುಕ್ರವಾರ ಆಫ್ ಇರೋರ ಜೊತೆ 24ನ್ನ 26ಕ್ಕೆ ಬದಲಾಯಿಸ್ಕೊಂಡ್ರಿ ಅನ್ಕೊಳ್ಳಿ, ನೀವು 18ರಿಂದ 25ರ ತನಕ 8 ದಿನ ಎಳೀಬೇಕು, ಅವ್ರಿಗೆ ಅದೇ 8 ದಿನ ಸ್ವಾಪ್ ಆದ್ಮೇಲೆ ಬರುತ್ತೆ. ಸತತ ಇಷ್ಟೇ ದಿನ ಅಂತ ಲಿಮಿಟ್ ಇದ್ರೆ ಇಬ್ರೂ ಒಪ್ಪಿದ್ರೂ ರಿಜೆಕ್ಟ್ ಆಗ್ಬಹುದು, ನೋಟಿಸಲ್ಲಿ ಅದನ್ನ ಬರ್ದಿಲ್ಲ ಅಂದ್ರೆ ಕೇಳಿ.

ಸ್ವಾಪ್ ಕೇಳೋ ಮೇಲ್‌ನಲ್ಲಿ ಇಬ್ರ ಹೆಸರು, ಎರಡೂ ತಾರೀಖು ಇರ್ಲಿ, ಬರೀ "ಈ ವಾರ ಸ್ವಾಪ್" ಅಂತ ಬೇಡ. ಸೂಪರ್‌ವೈಸರ್ ಬಾಯ್ಮಾತಲ್ಲಿ ಹೂಂ ಅಂದ್ರೆ ಸಾಲ್ದು, ರೋಸ್ಟರಲ್ಲಿ ಬದಲಾಗಿದ್ಯಾ ನೋಡ್ಕೊಳ್ಳಿ, ಇಲ್ಲಾಂದ್ರೆ 26ಕ್ಕೆ ಆಬ್ಸೆಂಟ್ ಬಿದ್ದು ಸಂಬಳದಲ್ಲಿ ಕಟ್ ಆಗುತ್ತೆ. ಸ್ವಾಪ್ ಮಾಡ್ಕೊಂಡೋರು ಆ ದಿನ ಬರ್ಲಿಲ್ಲ ಅಂದ್ರೆ ರಜೆ ಯಾರ ಲೆಕ್ಕಕ್ಕೆ ಅನ್ನೋದನ್ನೂ ಅದೇ ಮೇಲಲ್ಲಿ ಕೇಳ್ಬಿಡಿ.