ಬೀಗ ಹಾಕಿದ ನಲವತ್ತು ಮನೆಗಳ ಸಾಲು ಖಾಲಿಯೇ ಇರಲಿ

ಪ್ರಶ್ನೆ: ಎಂಎಸ್‌ಡಬ್ಲ್ಯೂ ಪ್ರಾಜೆಕ್ಟಿಗೆ ನಾವು ಐದು ಜನ ಸೇರಿ ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ ಫೆಬ್ರವರಿಯಲ್ಲಿ ಗುಳೆ ಹೋಗುವವರ ಸರ್ವೆ ಮಾಡಿದೆವು. 200 ಮನೆ ಲಿಸ್ಟ್. 160 ಸಿಕ್ಕವು, 40 ಮನೆಗೆ ಬೀಗ. ಎಲ್ಲರೂ ಸೇರಿ ತುಂಬುವ ಶೀಟಿನಲ್ಲಿ ಆ 40 ಸಾಲು ಖಾಲಿ ಇವೆ. ಡೇಟಾ ನೋಡಿಕೊಳ್ಳುವ ಸೀನಿಯರ್ ಅಕ್ಕನಿಗೆ, ಉಳಿದವರ ಉತ್ತರ ನೋಡಿ ಅದೇ ಲೆಕ್ಕದಲ್ಲಿ ತುಂಬಿಬಿಡಿ ಅಂದ್ರೆ ಖಡಾಖಂಡಿತವಾಗಿ ಆಗಲ್ಲ ಅಂತಾರೆ. ಪರ್ಸೆಂಟೇಜ್ ಹೇಗಿದ್ರೂ ಬದಲಾಗಲ್ಲ, ಮತ್ತೆ ಯಾಕಿಷ್ಟು ಹಠ?

ಉತ್ತರ:

ನಾನು ಹತ್ತು ವರ್ಷದಿಂದ ಮನೆ ಮನೆ ಸರ್ವೆಗಳಲ್ಲಿ ಡೇಟಾ ಪರಿಶೀಲಿಸುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅಕ್ಕ ಮಾಡಿದ್ದು ಸರಿ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಯಾಕೆ ಅನ್ನೋದನ್ನ ನಿಮ್ಮದೇ ಸಂಖ್ಯೆ ಇಟ್ಟುಕೊಂಡು ನೋಡೋಣ.

ಸಿಕ್ಕ 160 ಮನೆಗಳಲ್ಲಿ 48 ಮನೆಯವರು "ಹೌದು, ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಿಂದ ಗುಳೆ ಹೋಗಿದ್ದರು" ಅಂದರು ಅಂತ ಇಟ್ಟುಕೊಳ್ಳಿ. 30 ಪರ್ಸೆಂಟ್ ಆಯ್ತು. ನೀವು ಹೇಳಿದ ಹಾಗೆ ಖಾಲಿ ಇರುವ 40 ಸಾಲಿಗೂ ಅದೇ ಲೆಕ್ಕದಲ್ಲಿ 12 ಹೌದು, 28 ಇಲ್ಲ ಅಂತ ತುಂಬಿದರೆ 200ಕ್ಕೆ 60, ಮತ್ತೆ ಅದೇ 30 ಪರ್ಸೆಂಟ್. ಬದಲಾಗಿಲ್ಲ ಅಲ್ವಾ ಅಂತೀರಿ. ಆದರೆ ಆ ಮನೆಗಳಿಗೆ ಬೀಗ ಬಿದ್ದಿದ್ದು ಯಾಕೆ? ಫೆಬ್ರವರಿ ತಿಂಗಳು, ಹೊಲದಲ್ಲಿ ಕೆಲಸ ಇಲ್ಲ, ಸುಗ್ಗಿ ಮುಗಿಸಿ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋದವರ ಮನೆಗಳೇ ಅದರಲ್ಲಿ ಜಾಸ್ತಿ ಇರುತ್ತವೆ. ನೀವು ಹುಡುಕಿಕೊಂಡು ಹೋದ ಜನ ಅವರೇ. ಅವರು ಗುಳೆ ಹೋಗಿರುವುದರಿಂದಲೇ ನಿಮಗೆ ಸಿಕ್ಕಿಲ್ಲ. ಊರಲ್ಲಿ ಉಳಿದವರ ಲೆಕ್ಕವನ್ನು ಊರು ಬಿಟ್ಟವರ ಸಾಲಿಗೆ ಹಾಕಿದರೆ, ಸರ್ವೆಯ ಮುಖ್ಯ ವಿಷಯವೇ ಅಳಿಸಿ ಹೋಗುತ್ತದೆ. ಆ 40ರಲ್ಲಿ 35 ಮನೆಯವರು ನಿಜಕ್ಕೂ ಗುಳೆ ಹೋಗಿದ್ದರೆ ಸರಿಯಾದ ಉತ್ತರ 200ಕ್ಕೆ 83, ಅಂದರೆ 41.5 ಪರ್ಸೆಂಟ್. ನಿಮ್ಮ ಶೀಟು ಮಾತ್ರ ಅಚ್ಚುಕಟ್ಟಾಗಿ 30 ಅಂತ ತೋರಿಸುತ್ತಾ ಕೂತಿರುತ್ತದೆ, ಒಂದು ಸಾಲೂ ಖಾಲಿ ಇಲ್ಲದೆ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಸಾಲು ಖಾಲಿ ಇದ್ದರೆ ಕನಿಷ್ಠ ಓದುವವರು ಒಂದು ಲೆಕ್ಕ ಹಾಕಬಹುದು. ಆ 40 ಮನೆಯವರು ಯಾರೂ ಹೋಗಿಲ್ಲ ಅಂದುಕೊಂಡರೆ 200ಕ್ಕೆ 48, ಅಂದರೆ 24 ಪರ್ಸೆಂಟ್. ಎಲ್ಲರೂ ಹೋಗಿದ್ದಾರೆ ಅಂದುಕೊಂಡರೆ 88, ಅಂದರೆ 44 ಪರ್ಸೆಂಟ್. ಹಾಗಾಗಿ ಈ 200 ಮನೆಗಳ ಬಗ್ಗೆ ನಿಮ್ಮ ಸರ್ವೆ ಗಟ್ಟಿಯಾಗಿ ಹೇಳಬಲ್ಲದ್ದು 24ರಿಂದ 44ರ ನಡುವೆ ಎಲ್ಲೋ ಇದೆ ಅಂತ ಅಷ್ಟೇ. ಆ ಅಂತರ ದೊಡ್ಡದು, ನಿಜ. ಆದರೆ ಹಳ್ಳಿಯ ಬಗ್ಗೆ ನಿಮಗೆ ನಿಜವಾಗಿ ಗೊತ್ತಿರುವುದು ಅಷ್ಟೇ. ತುಂಬಿದ ಶೀಟು ಆ ಅಂತರವನ್ನು ಮುಚ್ಚಿಬಿಡುತ್ತದೆ.

"ಸ್ಟಾಟಿಸ್ಟಿಕ್ಸ್‌ನಲ್ಲಿ ಖಾಲಿ ಜಾಗ ತುಂಬುವ ವಿಧಾನವೇ ಇದೆಯಲ್ಲ, ಇಂಪ್ಯುಟೇಶನ್ ಅಂತ" ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಬಹುದು. ಇದೆ. ಆದರೆ ಅದು ಬೇರೆ ಕೆಲಸ. ಅಲ್ಲಿ ಮೂಲ ಶೀಟಿನಲ್ಲಿ ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಬೇರೆ ಫೈಲಿನಲ್ಲಿ, ಯಾವ ಸೂತ್ರದಿಂದ ತುಂಬಿದೆವು ಅಂತ ಬರೆದು, ಒಂದೇ ಸಲವಲ್ಲ, ಹಲವು ಸಲ ಬೇರೆ ಬೇರೆ ರೀತಿ ತುಂಬಿ, ಉತ್ತರ ಎಷ್ಟು ಅಲುಗಾಡುತ್ತದೆ ಅಂತ ನೋಡುತ್ತಾರೆ. ಓದುವವರಿಗೆ ಯಾವುದು ಕೇಳಿದ್ದು, ಯಾವುದು ಲೆಕ್ಕ ಹಾಕಿದ್ದು ಅಂತ ಗೊತ್ತಿರುತ್ತದೆ. ಮನೆಯವರು ಹತ್ತು ಪ್ರಶ್ನೆಗೆ ಉತ್ತರಿಸಿ ಒಂದನ್ನು ಬಿಟ್ಟಾಗ ಇದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಉಳಿದ ಒಂಬತ್ತು ಉತ್ತರ ಸುಳಿವು ಕೊಡುತ್ತವೆ. ಇಡೀ ಸಾಲೇ ಖಾಲಿ ಇದ್ದಾಗ ಹಿಡಿದುಕೊಳ್ಳಲು ಸುಳಿವೇ ಇಲ್ಲ. ನೀವು ಕೇಳಿದ್ದು, ಉತ್ತರ ಹೇಳಿದವರ ಸಾಲಿನ ಪಕ್ಕದಲ್ಲೇ, ಅದೇ ಕಾಲಂನಲ್ಲಿ, ಯಾರೂ ಹೇಳದ ಉತ್ತರವನ್ನು ಬರೆದಿಡಲು.

ಇದರಿಂದ ಏನಾಗುತ್ತದೆ ಅನ್ನೋದನ್ನ ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ಸ್ವಸಹಾಯ ಸಂಘದ ಮಹಿಳೆಯರ ಸಾಲದ ಬಗ್ಗೆ ಒಂದು ಸರ್ವೆ. ಸಂಸ್ಥೆಯ ಹೆಸರು ಬೇಡ. ಫಾರಂಗೆ ಇಷ್ಟು ಅಂತ ದುಡ್ಡು ಕೊಡುತ್ತಿದ್ದರು, ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಮಾಹಿತಿ ತರುತ್ತಿದ್ದ ಒಬ್ಬ ಹುಡುಗ 22 ಮನೆಗಳ ಫಾರಂ ಮನೆಯಲ್ಲೇ ಕೂತು ತುಂಬಿದ. ಕೆಟ್ಟವನೇನಲ್ಲ. ಮೂರು ಸಲ ಹೋದರೂ ಆ ಮನೆಯವರು ಸಿಕ್ಕಿರಲಿಲ್ಲ, ದುಡ್ಡು ಕೈತಪ್ಪುತ್ತಿತ್ತು, ಮೇಲಿನಿಂದ ಫೋನ್ ಮೇಲೆ ಫೋನ್. ಆ ರೀತಿ ದುಡ್ಡು ಕೊಡುವ ಪದ್ಧತಿಯೇ ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ.

ಗೊತ್ತಾಗಿದ್ದು ಅವನ ಸಂಖ್ಯೆಗಳಿಂದ. ನಮ್ಮ ಹಳ್ಳಿಗಳಲ್ಲಿ ವಯಸ್ಸು ಕೇಳಿದರೆ ಹಿರಿಯರು "ಒಂದು ನಲವತ್ತು ಇರಬೋದು", "ಐವತ್ತೈದು ಹಾಕ್ಕೊಳ್ಳಿ" ಅನ್ನುತ್ತಾರೆ. ಸಾಲ ಕೇಳಿದರೆ ಹತ್ತು ಸಾವಿರ, ಇಪ್ಪತ್ತು, ಐವತ್ತು. ನಿಜವಾದ ಡೇಟಾದಲ್ಲಿ ಸೊನ್ನೆ, ಐದರಲ್ಲಿ ಕೊನೆಯಾಗುವ ವಯಸ್ಸು, ಪೂರ್ತಿ ಸಾವಿರಗಳ ಸಾಲ ಗುಂಪು ಗುಂಪಾಗಿ ನಿಂತಿರುತ್ತವೆ. ಅವನು ನಿಜದ ಹಾಗೆ ಕಾಣಲಿ ಅಂತ 37, 43, 29 ಅಂತ ವಯಸ್ಸು ಬರೆದಿದ್ದ, 13,700, 18,400 ಅಂತ ಸಾಲ ಬರೆದಿದ್ದ. ಆ 22 ಸಾಲುಗಳಲ್ಲಿ ದುಂಡು ಸಂಖ್ಯೆ ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ಮನೆಯಲ್ಲಿ ಒಟ್ಟು ಮೂರು ಜನ, ಶಾಲೆಗೆ ಹೋಗುವ ಮಕ್ಕಳು ಮಾತ್ರ ನಾಲ್ಕು. ಆಮೇಲೆ ಕೆಲವು ಮನೆಗೆ ಮತ್ತೆ ಹೋದೆವು. "ಯಾರೂ ಬಂದಿಲ್ಲ ಸಾರ್, ನಾನು ಮಗಳ ಹೆರಿಗೆಗೆ ಹೋಗಿದ್ದೆ" ಅಂದರು ಒಬ್ಬ ಅಮ್ಮ.

ಆಮೇಲೆ ಆಗಿದ್ದು ನನಗೆ ಇವತ್ತಿಗೂ ಸಂಕಟ. ಅವನು ತಂದ ಒಟ್ಟು 90ರಷ್ಟು ಫಾರಂಗಳಲ್ಲಿ ಸುಳ್ಳು 22 ಇರಬಹುದು, ಅಥವಾ ನಮಗೆ ಗೊತ್ತಾಗಿದ್ದು 22 ಅಷ್ಟೇ ಇರಬಹುದು. ಬೇರ್ಪಡಿಸಲು ದಾರಿ ಇರಲಿಲ್ಲ. ಎಲ್ಲವನ್ನೂ ತೆಗೆದು ಹಾಕಿದೆವು. ಒಲೆ ಮೇಲೆ ಅನ್ನ ಇಟ್ಟುಬಂದು, ಮುಕ್ಕಾಲು ಗಂಟೆ ಜಗಲಿಯಲ್ಲಿ ಕೂತು, ಯಾರ ಹತ್ತಿರವೂ ಹೇಳದ ಸಾಲದ ಕಷ್ಟ ಹೇಳಿಕೊಂಡ ಅರವತ್ತಕ್ಕೂ ಜಾಸ್ತಿ ಹೆಣ್ಣುಮಕ್ಕಳ ಮಾತು ಕಸಕ್ಕೆ ಹೋಯಿತು. ನಿಮ್ಮ ಶೀಟು ಐದು ಜನ ಸೇರಿ ತುಂಬಿದ್ದು. 40 ಸಾಲು ಕಲಬೆರಕೆಯಾದರೆ ಉಳಿದ 160 ಮನೆಯವರ ಮಾತಿಗೂ, ನಿಮ್ಮ ನಾಲ್ಕು ಜನ ಗೆಳೆಯರು ಬಿಸಿಲಲ್ಲಿ ಸುತ್ತಿದ್ದಕ್ಕೂ ಇದೇ ಗತಿ.

ಹುಷಾರಾಗಿ ತುಂಬಿದರೆ ಗೊತ್ತಾಗಲ್ಲ ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ದೊಡ್ಡ ಜರ್ನಲ್ ಒಂದರಲ್ಲಿ, ಫಾರಂನ ಮೇಲ್ಭಾಗದಲ್ಲಿ ಸಹಿ ಹಾಕಿಸಿಕೊಂಡರೆ ಜನ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ ಅನ್ನುವ ಲೇಖನ ಬಂತು. ಅದರ ಒಂದು ಭಾಗದಲ್ಲಿ ವಿಮಾ ಕಂಪನಿಯ 13,488 ಗ್ರಾಹಕರ ಕಾರುಗಳ ಮೀಟರ್ ರೀಡಿಂಗ್, ಬೇರೆ ಬೇರೆ ಸಮಯದ್ದು ಎರಡೆರಡು, ಇತ್ತು. 2021ರಲ್ಲಿ ಡೇಟಾ ಕೊಲಾಡ ಎಂಬ ತಂಡ ಆ ಎಕ್ಸೆಲ್ ಫೈಲ್ ತೆರೆದು ನೋಡಿತು. ಮೊದಲ ರೀಡಿಂಗ್‌ನಲ್ಲಿ ಜನ ಬರೆಯುವ ಹಾಗೆ ಸೊನ್ನೆಗಳಲ್ಲಿ ಕೊನೆಯಾಗುವ ಸಂಖ್ಯೆ ತುಂಬಾ ಇದ್ದವು. ಎರಡನೇ ರೀಡಿಂಗ್‌ನಲ್ಲಿ ಅವು ಮಾಯ. ಕಾರು ಓಡಿದ ಮೈಲಿ ನೋಡಿದರೆ ಸೊನ್ನೆಯಿಂದ 50,000ದವರೆಗೆ ಎಲ್ಲ ಕಡೆ ಒಂದೇ ಸಮ, ಅಲ್ಲಿಗೆ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಊರಿನ ಕಾರುಗಳು ಹಾಗೆ ಓಡುವುದಿಲ್ಲ. ಸಾಲದ್ದಕ್ಕೆ ಅರ್ಧ ಸಾಲು ಒಂದು ಫಾಂಟಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಅದೇ ವರ್ಷ ಆ ಲೇಖನ ವಾಪಸ್ ಪಡೆದರು. ನಿಮ್ಮದು ಗೂಗಲ್ ಶೀಟ್ ಆದರೆ ಇಷ್ಟು ಕಷ್ಟವೂ ಬೇಡ. Version history ತೆರೆದರೆ 40 ಮನೆಗಳ ಸಂದರ್ಶನ ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷದಲ್ಲಿ ಮುಗಿದಿದ್ದು, ಯಾರ ಹೆಸರಲ್ಲಿ ಅನ್ನುವುದೂ ಕಾಣುತ್ತದೆ.

ಈಗ ಆ ಸಾಲುಗಳನ್ನು ಏನು ಮಾಡಬೇಕು? ಅಳಿಸಬೇಡಿ. ಪಕ್ಕದ ಮನೆಯಲ್ಲಿ ಕೇಳಿ ಬೀಗ ಇಲ್ಲದ ಇನ್ನೊಂದು ಮನೆಯನ್ನು ಸುಮ್ನೆ ಅದರ ಬದಲಿಗೆ ಸೇರಿಸಲೂ ಬೇಡಿ, ಆಗಲೂ ಊರಲ್ಲಿ ಉಳಿದವರೇ ಜಾಸ್ತಿಯಾಗುತ್ತಾರೆ. ಉತ್ತರದ ಕಾಲಂ ಖಾಲಿ ಬಿಟ್ಟು "ಭೇಟಿಯ ಫಲ" ಅಂತ ಒಂದು ಹೊಸ ಕಾಲಂ ಮಾಡಿ: ಪೂರ್ತಿಯಾಯಿತು, ಬೀಗ, ಒಪ್ಪಲಿಲ್ಲ, ಮನೆಯಲ್ಲಿ ಯಾರೂ ವಾಸವಿಲ್ಲ. ಎಷ್ಟು ಸಲ, ಯಾವ ದಿನ ಹೋದಿರಿ ಅಂತಲೂ ಬರೆಯಿರಿ. ಪಕ್ಕದವರು "ಅವರು ದೀಪಾವಳಿ ಆದ್ಮೇಲೆ ಬೆಂಗಳೂರಿಗೆ ಹೋದ್ರು" ಅಂದರೆ ಅದು ಬೆಲೆಯುಳ್ಳ ಮಾಹಿತಿ, ಆದರೆ ಅದಕ್ಕೆ "ನೆರೆಯವರು ಹೇಳಿದ್ದು" ಅಂತ ಬೇರೆ ಕಾಲಂ. ದೇಶದ ದೊಡ್ಡ ಸರ್ವೆಗಳೂ ಹೀಗೇ ಲೆಕ್ಕ ಕೊಡುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜನ ವಾಸವಿದ್ದ ಆಯ್ದ ಮನೆಗಳು 6,53,144, ಸಂದರ್ಶನ ಆಗಿದ್ದು 6,36,699. ಉಳಿದ ಹದಿನಾರು ಸಾವಿರ ಮನೆಗಳನ್ನು ಆಗಲಿಲ್ಲ ಅಂತಲೇ ವರದಿಯಲ್ಲಿ ತೋರಿಸಿದ್ದಾರೆ.

ಇನ್ನೊಂದು, ನೆರೆಯವರ ಹತ್ತಿರ ಆ ಮನೆಯವರ ಫೋನ್ ನಂಬರ್ ಇರುತ್ತದೆ. ನೆರೆಯವರೇ ಮೊದಲು ಫೋನ್ ಮಾಡಿ ಒಪ್ಪಿಗೆ ಕೇಳಲಿ, ಆಮೇಲೆ ನೀವು ಮಾತಾಡಿ. ಕೆಲಸ ಮುಗಿಸಿ ಶೆಡ್ಡಿಗೆ ಬಂದ ಮೇಲೆ, ರಾತ್ರಿ ಎಂಟರ ನಂತರ ಮಾಡಿದರೆ ಸಿಗುತ್ತಾರೆ. 40ರಲ್ಲಿ 14 ಮನೆಯವರು ಸಿಕ್ಕಿ, ಅದರಲ್ಲಿ 12 ಜನ ಹೌದು ಅಂದರು ಅಂದುಕೊಳ್ಳಿ. ಈಗ ಹೌದು 60, ಗೊತ್ತಿಲ್ಲದ್ದು 26. ನಿಮ್ಮ 24ರಿಂದ 44 ಅನ್ನೋದು 30ರಿಂದ 43ಕ್ಕೆ ಬಂತು. ಇಷ್ಟೇ ಫೋನ್ ಕರೆಗಳಿಂದ, ಮೊದಲು ಬಂದಿದ್ದ 30 ಅನ್ನುವ ಉತ್ತರ ಕನಿಷ್ಠ ಮಿತಿ ಅಂತ ಗೊತ್ತಾಯಿತು.

ಪ್ರಾಜೆಕ್ಟ್ ಸಲ್ಲಿಸುವ ದಿನ ಯುಗಾದಿ ಆದ ಮೇಲೆ ಇದ್ದರೆ ಇನ್ನೂ ಒಳ್ಳೆಯದು. ಹಬ್ಬಕ್ಕೋ ಊರ ಜಾತ್ರೆಗೋ ಎಷ್ಟೋ ಜನ ಎರಡು ದಿನದ ಮಟ್ಟಿಗೆ ವಾಪಸ್ ಬರುತ್ತಾರೆ. ಜಾತ್ರೆ ಯಾವತ್ತು ಅಂತ ಇವತ್ತೇ ಊರಲ್ಲಿ ಕೇಳಿಕೊಂಡು, ಆ ಅಕ್ಕನನ್ನೂ ಕರೆದುಕೊಂಡು, ಲಿಸ್ಟ್ ಹಿಡಿದು ಇನ್ನೊಂದು ಸಲ ಹೋಗಿ ಬನ್ನಿ.