ಝೆಡ್-ಸ್ಕೋರ್ ಸೊನ್ನೆಗೆ ಬಂದರೂ ನಷ್ಟ ಯಾಕೆ?

ಪ್ರಶ್ನೆ: ಒಂದೇ ವಲಯದ ಎರಡು ಷೇರುಗಳಲ್ಲಿ ಪೇರ್ ಟ್ರೇಡ್ ಮಾಡಿದೆ. ಕೋಇಂಟಿಗ್ರೇಶನ್ ಪರೀಕ್ಷೆ ಪಾಸಾಗಿತ್ತು. ಸರಾಸರಿಯನ್ನು ಹಿಂದಿನ 60 ದಿನಗಳಿಂದ ತೆಗೆಯುತ್ತೇನೆ. ಝೆಡ್-ಸ್ಕೋರ್ 2.4 ಇದ್ದಾಗ ಒಳಗೆ ಹೋದೆ, ಸೊನ್ನೆಗೆ ಬಂದಾಗ ಹೊರಬಂದೆ. ಆದರೂ ನಷ್ಟ. ಹೇಗೆ ಸರ್?

ಉತ್ತರ: ಸ್ಪ್ರೆಡ್ ವಾಪಸ್ ಬರಲಿಲ್ಲ. ನಿಮ್ಮ ಸರಾಸರಿಯೇ ಅದರ ಹಿಂದೆ ಹೋಯಿತು.

ಒಂದು ಲೆಕ್ಕ ನೋಡೋಣ. ಸ್ಪ್ರೆಡ್ ಅಂದರೆ ‘ಅ’ ಷೇರಿನ ಬೆಲೆಯಿಂದ ‘ಬ’ ಷೇರಿನ ಬೆಲೆಯ 0.8 ಪಟ್ಟು ಕಳೆದದ್ದು ಎಂದಿಟ್ಟುಕೊಳ್ಳಿ. ಅದರ ಸರಾಸರಿ 0, ಸ್ಟ್ಯಾಂಡರ್ಡ್ ಡೀವಿಯೇಶನ್ 5. ಸ್ಪ್ರೆಡ್ 12 ಆದಾಗ ಝೆಡ್ 2.4. ‘ಅ’ ಮಾರಿ ‘ಬ’ ಕೊಂಡಿರಿ. ಆಮೇಲೆ ಸ್ಪ್ರೆಡ್ 22ಕ್ಕೆ ಹೋಗಿ ಅಲ್ಲೇ ಸುತ್ತಾಡಿತು. 60 ದಿನ ಕಳೆದರೆ ಸರಾಸರಿಯೂ 22, ಝೆಡ್ ಸೊನ್ನೆ. ನಿಮ್ಮ ನಷ್ಟ ಮಾತ್ರ 10, ಅಲ್ವಾ? ಅದಕ್ಕೇ ಒಳಗೆ ಹೋದ ದಿನದ ಸರಾಸರಿ, ಡೀವಿಯೇಶನ್ ಮತ್ತು 0.8 ಎಂಬ ಹೆಡ್ಜ್ ಅನುಪಾತವನ್ನು ಟ್ರೇಡ್ ಮುಗಿಯುವವರೆಗೂ ಬದಲಿಸಬೇಡಿ.

ಜೊತೆಗೆ ಒಂದು ಗಡುವು ಇರಲಿ. ಸ್ಪ್ರೆಡ್‌ನ ದಿನದ ಬದಲಾವಣೆಯನ್ನು ಹಿಂದಿನ ದಿನದ ಸ್ಪ್ರೆಡ್ ಮೇಲೆ ರಿಗ್ರೆಶನ್ ಮಾಡಿ. ಗುಣಕ −0.07 ಬಂದರೆ 0.693 ಅನ್ನು 0.07ರಿಂದ ಭಾಗಿಸಿ. ಸುಮಾರು 10 ದಿನ. ಅಷ್ಟರಲ್ಲಿ ಅಂತರ ಅರ್ಧಕ್ಕೆ ಇಳಿಯಬೇಕು. 30 ದಿನದಲ್ಲಿ 12 ಇದ್ದದ್ದು ಒಂದೂವರೆಯ ಆಸುಪಾಸಿಗೆ ಬರಬೇಕು. ಸ್ವಲ್ಪ ಹೆಚ್ಚುಕಮ್ಮಿ ಸಹಜ. ಆದರೆ 30ನೇ ದಿನವೂ 20ರಲ್ಲಿ ನಿಂತಿದ್ದರೆ ನಾನಂತೂ ಹೊರಬರುತ್ತೇನೆ.

ಎರಡು ಷೇರುಗಳ ನಂಟೇ ಮುರಿದಾಗ ಕೆಲವೊಮ್ಮೆ ಅಷ್ಟು ದಿನ ಕಾಯಬಾರದು. ‘ಅ’ ಕಂಪನಿಯನ್ನು ಕೊಳ್ಳಲು ಇನ್ನೊಬ್ಬರು ಬೆಲೆ ಘೋಷಿಸಿದರೆ, ಅದರ ಷೇರು ಒಂದೇ ದಿನ ಜಿಗಿದು ಆ ಬೆಲೆಯ ಹತ್ತಿರ ಅಂಟಿಕೊಳ್ಳುತ್ತದೆ. ‘ಬ’ ಜೊತೆಗಿನ ನಂಟು ಅಲ್ಲಿಗೆ ಮುಗಿಯಿತು. ಝೆಡ್ ಇನ್ನೂ ಜಾಸ್ತಿಯಾಗಿದೆ ಎಂದು ಪೊಸಿಶನ್ ಹೆಚ್ಚಿಸಿದರೆ ದೊಡ್ಡ ಪೆಟ್ಟು.

ನಿಧಾನದ ಮುರಿತ ಕಣ್ಣಿಗೆ ಬೀಳುವುದು ಕಷ್ಟ. ‘ಅ’ ಸಾಲ ಹೆಚ್ಚಿಸಿತು, ಅಥವಾ ಹೊಸ ವ್ಯವಹಾರಕ್ಕೆ ಇಳಿಯಿತು. ನಿಜವಾದ ಅನುಪಾತ 0.8ರಿಂದ 1.1ಕ್ಕೆ ಸರಿಯಿತು. ಆಗ ನಿಮ್ಮ ಸ್ಪ್ರೆಡ್‌ನಲ್ಲಿ ‘ಬ’ ಬೆಲೆಯ 0.3 ಪಾಲು ಉಳಿದುಬಿಡುತ್ತದೆ. ‘ಬ’ ಏರಿದಾಗ ಸ್ಪ್ರೆಡ್ ಏರುತ್ತದೆ, ಇಳಿದಾಗ ಇಳಿಯುತ್ತದೆ. ಎರಡನ್ನೂ ಒಂದೇ ಚಾರ್ಟ್‌ನಲ್ಲಿ ಹಾಕಿ ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಮಾತು. ಈ ಜೋಡಿ ಸಿಗುವ ಮುಂಚೆ ಎಷ್ಟು ಜೋಡಿ ಪರೀಕ್ಷಿಸಿದ್ದಿರಿ? 20 ಷೇರುಗಳಿಂದ 190 ಜೋಡಿಗಳಾಗುತ್ತವೆ. ಯಾವುದರಲ್ಲೂ ನಂಟು ಇಲ್ಲದಿದ್ದರೂ 5% ಮಟ್ಟದಲ್ಲಿ ಒಂಬತ್ತು-ಹತ್ತು ಜೋಡಿ ಸುಮ್ನೆ ಪಾಸಾಗಬಹುದು. ಹಾಗಾಗಿ ಮೊದಲ ವರ್ಷಗಳ ಡೇಟಾದಲ್ಲಿ ಜೋಡಿ ಆರಿಸಿ. ಮುಟ್ಟದೆ ಇಟ್ಟ ಕೊನೆಯ ಒಂದು ವರ್ಷದಲ್ಲಿ ಅದೇ 0.8 ಇಟ್ಟುಕೊಂಡು ಸ್ಪ್ರೆಡ್ ಮರಳುತ್ತದೆಯೇ ನೋಡಿ.